20ನೇ ತಾರೀಕಿನೊಳಗೆ ನನ್ನಿಂದ ಆಗುವುದು ಇಷ್ಟು

ಸರ್, ಬೆಳಿಗ್ಗೆಯಿಂದ ಚಾಟ್‌ನಲ್ಲಿ ಬಂದ ಕೆಲಸವನ್ನೆಲ್ಲ ಒಂದು ಕಡೆ ಬರೆದುಕೊಂಡೆ. ಬ್ಯಾಂಕಿಗೆ ಬಾಕಿದಾರರ ಪಟ್ಟಿ, ಮೂರು ತಿಂಗಳ ಟ್ರಾವೆಲ್ ಬಿಲ್, ಈಗ ಶುಕ್ರವಾರದ ಮೀಟಿಂಗ್‌ಗೆ ಪಿಪಿಟಿ. ಇಷ್ಟೂ ಒಟ್ಟಿಗೆ ನನ್ನಿಂದ ಆಗಲ್ಲ, ಕೊನೆ ಗಳಿಗೆಯಲ್ಲಿ ಹೇಳುವುದಕ್ಕಿಂತ ಈಗಲೇ ಹೇಳುತ್ತಿದ್ದೇನೆ.

20ಕ್ಕೆ GSTR-3B ಕೊನೆ ದಿನ, ಅಂದರೆ ನಾಡಿದ್ದು. ನಮ್ಮ ಪರ್ಚೇಸ್ ರಿಜಿಸ್ಟರ್‌ನಲ್ಲಿರುವ 43 ಬಿಲ್ GSTR-2B ಜೊತೆ ಇನ್ನೂ ತಾಳೆಯಾಗಿಲ್ಲ. ಒಬ್ಬ ಸಪ್ಲೈಯರ್ ಅಂತೂ ನಮ್ಮ GSTIN ತಪ್ಪು ಹಾಕಿದ್ದಾರೆ, ಅವರ ಬಿಲ್ಲೇ ಅಲ್ಲಿ ಕಾಣುತ್ತಿಲ್ಲ. ಅವಸರದಲ್ಲಿ ತಪ್ಪು ಕ್ರೆಡಿಟ್ ತೆಗೆದುಕೊಂಡರೆ ಆಮೇಲೆ ಬಡ್ಡಿ ಸಮೇತ ಕಟ್ಟಬೇಕಾಗಬಹುದು, ಅದು ನನಗೆ ಬೇಡ.

ಹಾಗಾಗಿ ಇವತ್ತು 7 ಗಂಟೆಯೊಳಗೆ ಬಾಕಿದಾರರ ಪಟ್ಟಿ ಕೊಡುತ್ತೇನೆ, 60 ದಿನ ದಾಟಿದ ಬಾಕಿ ಮಾತ್ರ. ನಾಳೆ ಪೂರ್ತಿ 3B, ಸಂಜೆ ನೀವು ನೋಡುವುದಕ್ಕೆ ಸಿದ್ಧ. ಪಿಪಿಟಿಗೆ ಅಂಕಿಗಳ ಶೀಟ್ ಕೊಡಬಲ್ಲೆ, ಸ್ಲೈಡ್ ಬೇರೆ ಯಾರಾದರೂ ಮಾಡಬೇಕು. ಟ್ರಾವೆಲ್ ಬಿಲ್ 24ಕ್ಕೆ.

ಸ್ಲೈಡೂ ನಾನೇ ಮಾಡಬೇಕೆಂದರೆ ಬಾಕಿದಾರರ ಪಟ್ಟಿ ಸೋಮವಾರಕ್ಕೆ ಹೋಗುತ್ತದೆ. ಯಾವುದು ಮೊದಲು ಅಂತ 5 ಗಂಟೆಯೊಳಗೆ ಹೇಳಿ ಸರ್, ಅಲ್ಲಿಯವರೆಗೆ ಪಟ್ಟಿ ಮಾಡುತ್ತಿರುತ್ತೇನೆ.