ಬಚ್ಚಲಿಗೆ ಹೋಗುವ ಮುಂಚೆ ಇದನ್ನೊಮ್ಮೆ ಓದಿ

ಸಕಲೇಶಪುರಕ್ಕೆ ಸ್ವಾಗತ. ಕಳೆದ ಬೇಸಿಗೆಯಲ್ಲಿ ಬಚ್ಚಲುಮನೆಗಳ ನಲ್ಲಿ, ಫ್ಲಶ್ ಎಲ್ಲ ಹೊಸದಾಗಿ ಹಾಕಿಸಿದ್ದೇವೆ. ನೋಡೋಕೆ ಚೆನ್ನಾಗಿದೆ, ಆದರೆ ಮೊದಲ ಸಲ ಬಂದವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಸೋಪು ಹಚ್ಚಿಕೊಂಡ ಮೇಲೆ ನಮ್ಮನ್ನು ಕೂಗುವ ಬದಲು ಈಗಲೇ ಎರಡು ನಿಮಿಷ ಓದಿಬಿಡಿ.

ಮೊದಲು ಗೀಸರ್

ಸ್ವಿಚ್ ಬಚ್ಚಲಿನ ಒಳಗಿಲ್ಲ. ಹೊರಗೆ, ಬಾಗಿಲಿನ ಬಲಗಡೆ, ಉಳಿದವಕ್ಕಿಂತ ದೊಡ್ಡದಾಗಿರುವ ಒಂಟಿ ಸ್ವಿಚ್ ಅದು. ಹಾಕಿದರೆ ಅದರಲ್ಲೇ ಕೆಂಪು ದೀಪ ಹತ್ತುತ್ತದೆ. ಒಳಗೆ ಗೀಸರ್ ಮೇಲೂ ಇನ್ನೊಂದು ಸಣ್ಣ ದೀಪ ಇದೆ, ಅದು ಆರಿದರೆ ಕೆಟ್ಟಿತು ಅಂದುಕೊಳ್ಳಬೇಡಿ, ನೀರು ಕಾದಿದೆ ಎಂದರ್ಥ. ಚಳಿಗಾಲದಲ್ಲಿ ಇಪ್ಪತ್ತು ನಿಮಿಷ ಬೇಕು. ಕಾದ ಮೇಲೆ ಸ್ವಿಚ್ ಆರಿಸಿ, ಆಮೇಲೆ ಸ್ನಾನಕ್ಕೆ ಇಳಿಯಿರಿ.

ಇದು 15 ಲೀಟರಿನ ಗೀಸರ್. ತಣ್ಣೀರು ಬೆರೆಸಿಕೊಂಡರೆ ಒಂದೂವರೆ ಬಕೆಟ್ ಹದವಾದ ನೀರು ಸಿಗುತ್ತದೆ, ಅಷ್ಟೇ. ಶವರ್ ಬಿಟ್ಟುಕೊಂಡು ಹಾಡು ಹೇಳುತ್ತಾ ನಿಂತರೆ ಮೂರ್ನಾಲ್ಕು ನಿಮಿಷದಲ್ಲಿ ತಣ್ಣೀರು ಬರುತ್ತದೆ, ಮುಂದಿನವರು ಮತ್ತೆ ಸ್ವಿಚ್ ಹಾಕಿ ಕಾಯಬೇಕು.

ಮಳೆಗಾಲದಲ್ಲಿ ಕರೆಂಟ್ ಕಥೆ ಹೇಳುವುದೇ ಬೇಡ. ಇನ್ವರ್ಟರ್‌ನಿಂದ ಲೈಟು, ಫ್ಯಾನು ನಡೆಯುತ್ತವೆ, ಗೀಸರ್ ನಡೆಯುವುದಿಲ್ಲ. ಲೈಟ್ ಉರಿಯುತ್ತಿದ್ದರೂ ಗೀಸರ್ ಸ್ವಿಚ್ಚಿನ ಕೆಂಪು ದೀಪ ಹತ್ತದಿದ್ದರೆ ಕರೆಂಟ್ ಇಲ್ಲ ಅಂತಲೇ ತಿಳಿಯಿರಿ. ಹಿತ್ತಲ ಬಚ್ಚಲಿನಲ್ಲಿ ಬೆಳಿಗ್ಗೆ ಹಂಡೆಗೆ ಉರಿ ಹಾಕಿರುತ್ತೇವೆ, ಕೇಳಿದರೆ ಒಂದು ಬಕೆಟ್ ತಂದುಕೊಡುತ್ತೇವೆ. ನಮ್ಮನ್ನು ಕೇಳಿದರೆ ಆ ನೀರೇ ಚೆಂದ.

ಮಿಕ್ಸರ್

ಗೋಡೆಯಲ್ಲಿ ದುಂಡನೆ ತಟ್ಟೆ, ಅದರ ಮೇಲೆ ಒಂದೇ ಒಂದು ಹಿಡಿ. ಬಿಸಿನೀರಿಗೂ ತಣ್ಣೀರಿಗೂ ಅದೇ. ಹಳೇ ನಲ್ಲಿಯ ಹಾಗೆ ಸುತ್ತು ತಿರುಗಿಸಬೇಡಿ, ಸಡಿಲವಾಗಿ ಕೈಗೇ ಬರುತ್ತದೆ. ಹಿಡಿಯನ್ನು ಮೇಲಕ್ಕೆ ಎತ್ತಿದರೆ ನೀರು, ಜಾಸ್ತಿ ಎತ್ತಿದಷ್ಟೂ ಜಾಸ್ತಿ. ಪೂರ್ತಿ ಕೆಳಗೆ ಒತ್ತಿದರೆ ಬಂದ್. ಎತ್ತಿ ಹಿಡಿದುಕೊಂಡೇ ಎಡಕ್ಕೆ ಸರಿಸಿದರೆ ಬಿಸಿ, ಬಲಕ್ಕೆ ಸರಿಸಿದರೆ ತಣ್ಣಗೆ.

ಯಾವಾಗಲೂ ಬಲದಿಂದ ಶುರು ಮಾಡಿ, ಕೈಯಿಟ್ಟು ನೋಡುತ್ತಾ ಸ್ವಲ್ಪ ಸ್ವಲ್ಪವೇ ಎಡಕ್ಕೆ ತನ್ನಿ. ನೇರ ಎಡಕ್ಕೆ ತಿರುಗಿಸಿದರೆ ಮೊದಲು ಪೈಪಿನಲ್ಲಿ ನಿಂತ ತಣ್ಣೀರು ಬರುತ್ತದೆ, "ಬಿಸಿಯೇ ಇಲ್ವಲ್ಲ" ಅಂತ ಅದರ ಕೆಳಗೆ ನಿಲ್ಲುತ್ತೀರಿ, ಅಷ್ಟರಲ್ಲಿ ಸುಡುನೀರು ಬೆನ್ನ ಮೇಲೆ ಬೀಳುತ್ತದೆ. ಮಕ್ಕಳಿಗೆ ನೀವೇ ಹದ ಮಾಡಿಕೊಡಿ. ಮೊದಲು ಬರುವ ತಣ್ಣೀರನ್ನು ಬಕೆಟ್‌ಗೆ ಹಿಡಿದುಕೊಳ್ಳಿ, ಬೆರೆಸೋಕೆ ಬೇಕೇ ಬೇಕಲ್ವಾ.

ಹಿಡಿಯ ಕೆಳಗೆ ಒಂದು ಸಣ್ಣ ಗುಂಡಿ ಇದೆ. ಹೊರಗೆ ಎಳೆದರೆ ನೀರು ಶವರ್‌ಗೆ, ಒಳಗೆ ಒತ್ತಿದರೆ ಕೆಳಗಿನ ನಲ್ಲಿಗೆ. ಅದು ತಾನಾಗಿ ವಾಪಸ್ ಹೋಗುವುದಿಲ್ಲ. ಸ್ನಾನ ಮುಗಿದ ಮೇಲೆ ದಯವಿಟ್ಟು ಒಳಗೆ ಒತ್ತಿ, ಹಿಡಿಯನ್ನು ಬಲಕ್ಕೆ ತಂದು ನಿಲ್ಲಿಸಿ. ಇಲ್ಲದಿದ್ದರೆ ಮುಂದಿನವರು ಕಾಲು ತೊಳೆಯಲು ನಲ್ಲಿ ಬಿಟ್ಟಾಗ ಬಟ್ಟೆ ಸಮೇತ ತಲೆಸ್ನಾನ ಆಗಿಬಿಡುತ್ತದೆ. ಮದುವೆಗೆ ರೇಷ್ಮೆ ಸೀರೆ ಉಟ್ಟು ಹೊರಟಿದ್ದ ಒಬ್ಬರಿಗೆ ಇಲ್ಲಿ ಹಾಗೇ ಆಗಿದೆ. ಕೈ ತೊಳೆಯುವ ಬೇಸಿನ್ ನಲ್ಲಿ ಮಾಮೂಲಿಯದು, ಬರೀ ತಣ್ಣೀರು.

ಫ್ಲಶ್

ಕಮೋಡಿನ ಹಿಂದಿನ ಗೋಡೆಯಲ್ಲಿರುವ ಸ್ಟೀಲ್ ಬಣ್ಣದ ಚೌಕ ಪ್ಲೇಟು ಸ್ವಿಚ್‌ಬೋರ್ಡ್ ಅಲ್ಲ, ಒದ್ದೆ ಕೈಯಲ್ಲಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಟ್ಯಾಂಕ್ ಗೋಡೆಯೊಳಗಿದೆ. ಸಣ್ಣ ಬಟನ್‌ಗೆ 3 ಲೀಟರ್, ದೊಡ್ಡದಕ್ಕೆ 6 ಲೀಟರ್ ನೀರು ಬರುತ್ತದೆ. ಯಾವುದಕ್ಕೆ ಯಾವುದು ಅಂತ ನಾವು ಬಿಡಿಸಿ ಹೇಳಬೇಕಿಲ್ಲ. ಹೆಬ್ಬೆರಳಿನಿಂದ ಪೂರ್ತಿ ಒಳಗೆ ಒತ್ತಿ ಬಿಟ್ಟುಬಿಡಿ. ಒತ್ತಿ ಹಿಡಿಯುವುದೂ ಬೇಡ, ಸುಮ್ನೆ ಪಟಪಟ ಒತ್ತುವುದೂ ಬೇಡ. ಟ್ಯಾಂಕ್ ತುಂಬಲು ಒಂದೆರಡು ನಿಮಿಷ ಬೇಕು.

ಕಮೋಡಿನೊಳಗೆ ನೀರು ಸಣ್ಣಗೆ ಹರಿಯುತ್ತಲೇ ಇದ್ದರೆ ಸಣ್ಣ ಬಟನ್ ಇನ್ನೊಮ್ಮೆ ಒತ್ತಿ ಬಿಡಿ, ಹೆಚ್ಚಿನ ಸಲ ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಪ್ಲೇಟನ್ನು ಚಾಕು, ಕೀಲಿಕೈ ಹಾಕಿ ಮೀಟಬೇಡಿ, ನಮ್ಮನ್ನು ಕರೆಯಿರಿ. ಪ್ಯಾಡ್, ಡಯಾಪರ್, ಒದ್ದೆ ಟಿಶ್ಯೂ ಕಮೋಡಿಗೆ ಹಾಕಲೇಬೇಡಿ. ಇಲ್ಲಿ ಒಳಚರಂಡಿ ಇಲ್ಲ, ಎಲ್ಲವೂ ತೋಟದಲ್ಲಿರುವ ಗುಂಡಿಗೇ ಹೋಗುವುದು. ಮುಚ್ಚಳದ ಬುಟ್ಟಿ ಪಕ್ಕದಲ್ಲೇ ಇದೆ, ಸುತ್ತಲು ಹಳೇ ಪೇಪರ್ ಮೇಲಿನ ಗೂಡಿನಲ್ಲಿದೆ.

ರಾತ್ರಿ ಏನಾದರೂ ಕೈಕೊಟ್ಟರೆ ಜಗಲಿಯ ಕಾಲಿಂಗ್ ಬೆಲ್ ಒತ್ತಿ. ಎಷ್ಟು ಹೊತ್ತಾಗಿದ್ದರೂ ಸಂಕೋಚ ಬೇಡ, ನಾಯಿ ಬೊಗಳುತ್ತದೆ, ಕಟ್ಟಿ ಹಾಕಿರುತ್ತೇವೆ.