ನಿಮ್ಮ ಕಾದಂಬರಿಯ ಹಸ್ತಪ್ರತಿ ಕುರಿತು

ಪ್ರಿಯ ಲೇಖಕರೇ,

ನಮಸ್ಕಾರ. ನೀವು ಕಳಿಸಿದ ಕಾದಂಬರಿಯನ್ನು ಪೂರ್ತಿ ಓದಿದ್ದೇನೆ. ಅದನ್ನು ನಾವು ಪ್ರಕಟಿಸುತ್ತಿಲ್ಲ. ನಾಲ್ಕು ತಿಂಗಳು ಕಾದಿದ್ದೀರಿ, ಹಾಗಾಗಿ ಈ ಮಾತನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ನಾವಾಗಿ ಕೇಳದೆ ಬರುವ ಹಸ್ತಪ್ರತಿಗಳನ್ನು ಇಲ್ಲಿ ಇಬ್ಬರೇ ಓದುತ್ತೇವೆ. ನಿಮ್ಮದರ ಸರದಿ ಬರಲು ಇಷ್ಟು ದಿನ ಹಿಡಿಯಿತು. ತಡವಾಗಿದ್ದಕ್ಕೆ ಕ್ಷಮೆ ಇರಲಿ.

ಯಾಕೆ ಬೇಡ ಅಂದೆವು ಎನ್ನುವುದನ್ನು ಹೇಳುವ ಮೊದಲು, ಹದಿನಾಲ್ಕನೇ ಅಧ್ಯಾಯದ ಬಗ್ಗೆ ಹೇಳಬೇಕು. ಕಣ್ಣು ಮಂಜಾಗುತ್ತಿರುವ ದರ್ಜಿ ಅಪ್ಪ ಅದನ್ನು ಮಗಳಿಂದ ಮುಚ್ಚಿಡುತ್ತಾನೆ. ಬೆಳಗ್ಗೆ ಅವಳು ಕೆಲಸಕ್ಕೆ ಹೋದ ಮೇಲೆ ಪಕ್ಕದ ಮನೆಯ ಹುಡುಗನನ್ನು ಕರೆದು ಅವನ ಕೈಯಲ್ಲಿ ಹನ್ನೆರಡು ಸೂಜಿಗಳಿಗೆ ದಾರ ಹಾಕಿಸಿಕೊಳ್ಳುತ್ತಾನೆ. ಸಾಲಾಗಿ ಕಾಲರಿನ ಒಳಗಡೆ ಚುಚ್ಚಿಕೊಳ್ಳುತ್ತಾನೆ. ಸಂಜೆ ಮಗಳು ಬರುವ ಹೊತ್ತಿಗೆ ಒಂದೇ ಸೂಜಿ ಉಳಿದಿರುತ್ತದೆ. ಅದನ್ನು ಖರ್ಚು ಮಾಡದೆ, ಅವಳ ಎದುರು ಹೊಲಿಯುವುದಕ್ಕೆಂದೇ ಇಟ್ಟುಕೊಂಡಿರುತ್ತಾನೆ. ಓದುತ್ತಾ ನನ್ನ ಕೈ ನನಗೇ ಗೊತ್ತಿಲ್ಲದೆ ಕಾಲರಿಗೆ ಹೋಯಿತು. ಇದನ್ನು ನೀವು ಯಾರಿಂದಲೂ ಕಲಿತಿಲ್ಲ, ನೋಡಿ ಬರೆದಿದ್ದೀರಿ.

ಆದರೆ ಆ ಪುಟದ ಕೆಳಗೇ ನೀವು ಅಪ್ಪನ ಸ್ವಾಭಿಮಾನ ಎಂಥದ್ದು ಅಂತ ಆರು ಸಾಲು ವಿವರಿಸಿದ್ದೀರಿ. ಆ ಸೂಜಿ ಅಷ್ಟನ್ನೂ ಆಗಲೇ ಹೇಳಿಯಾಗಿತ್ತು, ಅಲ್ವಾ? ಇಡೀ ಹಸ್ತಪ್ರತಿಯಲ್ಲಿ ಹೀಗೇ ಆಗಿದೆ. ಒಳ್ಳೆಯ ದೃಶ್ಯ ಬಂದ ಕೂಡಲೇ ಓದುಗರಿಗೆ ಅರ್ಥವಾಯಿತೋ ಇಲ್ಲವೋ ಎಂಬ ಅನುಮಾನ ನಿಮ್ಮನ್ನು ಕಾಡುತ್ತದೆ, ವಿವರಣೆ ಶುರುವಾಗುತ್ತದೆ.

ನಾವು ಬೇಡವೆಂದ ಮುಖ್ಯ ಕಾರಣ ಇನ್ನೂ ದೊಡ್ಡದು. ಕಾದಂಬರಿ 312 ಪುಟ ಇದೆ. ಅಪ್ಪನ ಕಣ್ಣಿನ ವಿಷಯ ಬರುವುದು 94ನೇ ಪುಟದಲ್ಲಿ. ಅಲ್ಲಿಯವರೆಗೆ ಮನೆತನದ ಹಿಂದಿನ ಕತೆ, ಅಜ್ಜಂದಿರ ಜಗಳ, ಮದುವೆಗಳು. ಅವು ಕೆಟ್ಟದಾಗಿಲ್ಲ. ಆದರೆ ಅವುಗಳಲ್ಲಿ ಯಾವುದೂ ಮುಂದೆ ಅಪ್ಪ ಮಗಳ ನಡುವೆ ನಡೆಯುವುದನ್ನು ಬದಲಿಸುವುದಿಲ್ಲ. ಇನ್ನು ಮಗಳು. ಅಪ್ಪನ ಗುಟ್ಟು ಅವಳಿಗೆ ಗೊತ್ತಾಗುವ ಗಳಿಗೆಗಾಗಿ ನಾನು ಕಾಯುತ್ತಿದ್ದೆ. ಅದು ಕಣ್ಣೆದುರು ನಡೆಯುವುದೇ ಇಲ್ಲ. ಎರಡು ವರ್ಷ ಕಳೆದ ಮೇಲೆ, ಗೆಳತಿಗೆ ಬರೆದ ಕಾಗದದಲ್ಲಿ ಒಂದು ಸಾಲಾಗಿ ಬಂದು ಹೋಗುತ್ತದೆ. ಅವಳು ಸಿಟ್ಟಾದಳಾ, ಅತ್ತಳಾ, ಗೊತ್ತಿಲ್ಲದವಳ ಹಾಗೆ ಸುಮ್ನಿದ್ದಳಾ? ಕಾದಂಬರಿ ನಿಂತಿರುವುದೇ ಅದರ ಮೇಲೆ. ಅದಿಲ್ಲದೆ ಕೊನೆಯ ನೂರು ಪುಟಗಳಲ್ಲಿ ಅವಳು ಬರೀ ಕೇಳಿಸಿಕೊಳ್ಳುವವಳಾಗಿ ಉಳಿದುಬಿಡುತ್ತಾಳೆ.

ಇದು ಅಲ್ಲಲ್ಲಿ ತಿದ್ದಿದರೆ ಸರಿಹೋಗುವ ಕೆಲಸವಲ್ಲ. ಕತೆಯನ್ನು ಬೇರೆ ಕಡೆಯಿಂದ ಹಿಡಿದು ಮತ್ತೆ ಬರೆಯಬೇಕಾಗುತ್ತದೆ. ಹಾಗೆ ಬರೆಯಲೇಬೇಕು ಅಂತ ನಾನು ಹೇಳುತ್ತಿಲ್ಲ, ಬರೆದರೆ ನಾವು ತೆಗೆದುಕೊಳ್ಳುತ್ತೇವೆ ಎಂಬ ಮಾತನ್ನೂ ಕೊಡಲಾರೆ. ಇದೇ ಕಾದಂಬರಿಯನ್ನು ನಮಗಾಗಿ ತಿದ್ದುತ್ತಾ ಕೂರಬೇಡಿ. ಬೇರೆ ಪ್ರಕಾಶಕರಿಗೆ ಈಗಲೇ ಕಳಿಸಬಹುದು, ನಮ್ಮ ಕಡೆಯಿಂದ ಯಾವ ಅಡ್ಡಿಯೂ ಇಲ್ಲ. ನನಗೆ ಜಾಸ್ತಿ ಅನಿಸಿದ ಆ ಮನೆತನದ ಕತೆಯೇ ಮತ್ತೊಬ್ಬ ಸಂಪಾದಕರಿಗೆ ಹಿಡಿಸಲೂಬಹುದು. ಹದಿನಾಲ್ಕನೇ ಅಧ್ಯಾಯ ಮಾತ್ರ, ಆ ಆರು ಸಾಲು ತೆಗೆದರೆ, ಒಂದು ಸಣ್ಣಕತೆಯಾಗಿ ತನ್ನ ಕಾಲ ಮೇಲೆ ನಿಲ್ಲುತ್ತದೆ. ಕತೆಗಳನ್ನು ಪ್ರಕಟಿಸುವ ಪತ್ರಿಕೆಗೆ ಅದನ್ನು ಕಳಿಸಿ ನೋಡಿ.

ಜೊತೆಗಿಟ್ಟ ಪತ್ರದಲ್ಲಿ ನೀವು ಒಂದು ಪ್ರಶ್ನೆ ಕೇಳಿದ್ದೀರಿ: ಬರೆಯುವುದನ್ನು ಮುಂದುವರಿಸಲೋ, ಬಿಡಲೋ? ಒಂದು ಹಸ್ತಪ್ರತಿ ಓದಿ ಇದಕ್ಕೆ ಉತ್ತರ ಹೇಳುವ ಹಕ್ಕು ನನಗಿಲ್ಲ. ನಮ್ಮ ‘ಬೇಡ’ ಈ ಕಾದಂಬರಿಗಷ್ಟೇ, ನಿಮ್ಮ ಬರವಣಿಗೆಗಲ್ಲ. ಆ ಹನ್ನೆರಡು ಸೂಜಿಗಳನ್ನು ಕಂಡ ಕಣ್ಣು ಇನ್ನೇನೇನು ಕಂಡಿದೆಯೋ ಎಂಬ ಕುತೂಹಲ ಮಾತ್ರ ನನಗಿದೆ. ಮುಂದೆ ಎಂದಾದರೂ ಹೊಸದೊಂದನ್ನು ಬರೆದು ಕಳಿಸಿದರೆ, ಉಳಿದೆಲ್ಲ ಹಸ್ತಪ್ರತಿಗಳ ಜೊತೆ ಸರದಿಯಲ್ಲೇ ಇಟ್ಟು, ಮನಸ್ಸಿಟ್ಟು ಓದುತ್ತೇನೆ.

ಹಸ್ತಪ್ರತಿಯನ್ನು ಈ ಪತ್ರದೊಂದಿಗೆ ವಾಪಸ್ ಕಳಿಸುತ್ತಿದ್ದೇನೆ. ನಮ್ಮಲ್ಲಿ ನಕಲು ಇಟ್ಟುಕೊಂಡಿಲ್ಲ. ಹದಿನಾಲ್ಕನೇ ಅಧ್ಯಾಯದ ಅಂಚಿನಲ್ಲಿ ನಾಲ್ಕೈದು ಕಡೆ ಗುರುತು ಹಾಕಿದ್ದೇನೆ. ಪೆನ್ಸಿಲ್ಲಿನಲ್ಲೇ ಹಾಕಿದ್ದು, ಬೇಡವೆನಿಸಿದರೆ ಅಳಿಸಿಬಿಡಿ.

ವಿಶ್ವಾಸದಿಂದ,
ಸಂಪಾದಕಿ