ಸಂದಿಯಲ್ಲಿ ನಿಂತಿದ್ದ ಗುಮ್ಮ

ಕತ್ತಲಿಗೆ ಹೆದರೋ ಮಗುವಿಗೆ ರಾತ್ರಿ ಮಲಗುವಾಗ ಹೇಳೋ ಕತೆ ಇದು. ದೊಡ್ಡ ಲೈಟ್ ಹಾಕಿಕೊಂಡೇ ಶುರುಮಾಡಿ. ಮಧ್ಯೆ ಕಂಸದಲ್ಲಿ ಬರೆದದ್ದು ನಿಮಗೆ. ಅಲ್ಲಲ್ಲಿ ಕತೆ ನಿಲ್ಲಿಸಿ ಅದನ್ನು ಮಾಡಿ. ಮಗು ಬೇಡ ಅಂದರೆ ಒತ್ತಾಯ ಬೇಡ, ಕತೆ ಮಾತ್ರ ಹೇಳಿ ಮುಗಿಸಿ, ನಾಳೆ ಅಲ್ಲಿಂದಲೇ ಮತ್ತೆ ನೋಡಿದರಾಯ್ತು. "ಇಷ್ಟಕ್ಕೆಲ್ಲ ಹೆದರ್ತಾರಾ?" ಅಂತ ಮಾತ್ರ ಅನ್ನಬೇಡಿ. ಅದಕ್ಕೆ ಹೆದರಿಕೆ ಆಗ್ತಿರೋದು ನಿಜ ತಾನೇ.

ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ. ಅಲ್ಲೊಂದು ಹೆಂಚಿನ ಮನೆ, ಮನೆ ಹಿಂದೆ ಅಡಿಕೆ ತೋಟ. ಬೇಸಿಗೆ ರಜಕ್ಕೆ ಸಿರಿ ಅಲ್ಲಿಗೆ ಬಂದಿದ್ದಳು. ಅದು ಅವಳ ಅಜ್ಜಿ ಮನೆ. ಹಗಲಲ್ಲಿ ಸಿರಿಗೆ ಯಾವ ಹೆದರಿಕೆಯೂ ಇಲ್ಲ. ಕೊಟ್ಟಿಗೆಗೆ ಒಬ್ಬಳೇ ಹೋಗಿ ಗೌರಿ ಹಸುವಿನ ಗಂಗೆದೊಗಲು ತುರಿಸಿ ಬರುತ್ತಿದ್ದಳು.

ಆದರೆ ರಾತ್ರಿ ಒಂದಕ್ಕೆ ಬಂದರೆ? ಬಚ್ಚಲಿಗೆ ಹೋಗಲು ಉದ್ದನೆ ಸಂದಿ ದಾಟಬೇಕು. ಲೈಟಿನ ಸ್ವಿಚ್ಚು ಆ ಕಡೆ ತುದಿಯಲ್ಲಿ. ನಡುವೆ ಗೋಡೆ ಪಕ್ಕ ಯಾರೋ ನಿಂತಿದ್ದಾರೆ! ತಲೆ ಚೂಪು. ಕೈಯೂ ಇಲ್ಲ, ಕಾಲೂ ಇಲ್ಲ.

"ಅಜ್ಜೀ, ಗುಮ್ಮ!"

ಅಜ್ಜಿ ನಗಲಿಲ್ಲ. "ಎಲ್ಲಿ, ತೋರಿಸು ಪುಟ್ಟಿ" ಅಂತ ಬಂದು ಸಿರಿ ಕೈ ಹಿಡಿದಳು. "ಒಳಗೆ ಹೋಗೋದು ಬೇಡ. ಇಲ್ಲೇ ಹೊಸ್ತಿಲ ಹತ್ರ ನಿಂತು ಹತ್ತರ ತನಕ ಎಣಿಸೋಣ."

ಒಂದು, ಎರಡು, ಮೂರು... ಸಿರಿಯ ಎದೆ ಡಬಡಬ ಅಂತಿತ್ತು. ಎಂಟು, ಒಂಬತ್ತು, ಹತ್ತು. ಗುಮ್ಮ ಅಲ್ಲಾಡಲಿಲ್ಲ. ಎದೆ ಇನ್ನೂ ಡಬಡಬ ಅಂತಲೇ ಇತ್ತು, ಆದರೆ ಸ್ವಲ್ಪ ಮೆತ್ತಗೆ. ಆಮೇಲೆ ಅಜ್ಜಿ ಹೋಗಿ ಲೈಟ್ ಹಾಕಿದಳು, ಸಿರಿ ಕಣ್ಣು ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು.

(ಈಗ ದೊಡ್ಡ ಲೈಟ್ ಆರಿಸಿ, ಸಣ್ಣ ದೀಪ ಇರಲಿ. ಸ್ವಿಚ್ಚನ್ನು ಮಗುವೇ ಒತ್ತಲಿ. ಇಬ್ಬರೂ ಸೇರಿ ಹತ್ತರ ತನಕ ಎಣಿಸಿ.)

ಮಾರನೇ ರಾತ್ರಿ ಅಜ್ಜಿ ಅಂದಳು, "ಇವತ್ತು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ್ವಾ? ಸುಮ್ನೆ ನೋಡ್ತಾ ಇರು. ಕತ್ತಲಾದ್ರೆ ಕಣ್ಣಿನ ನಡುವಿನ ಕಪ್ಪು ಬೊಟ್ಟು ಇದ್ಯಲ್ಲ, ಅದು ದೊಡ್ಡದಾಗುತ್ತೆ. ಇರೋ ಚೂರುಪಾರು ಬೆಳಕನ್ನೆಲ್ಲ ಒಳಗೆ ಕರ್ಕೊಳ್ಳುತ್ತೆ."

ಮೊದಲು ಏನೂ ಕಾಣಲಿಲ್ಲ. ಬರೀ ಕಪ್ಪು. ಆಮೇಲೆ ಕಿಟಕಿ ಸರಳು ಕಂಡಿತು. ಆಮೇಲೆ ಕಸಬರಿಗೆ. ಆಮೇಲೆ ತಲೆಕೆಳಗಾಗಿ ಇಟ್ಟ ಬುಟ್ಟಿ.

ಲೊಚ್ ಲೊಚ್ ಲೊಚ್!

"ಅದು ಹಲ್ಲಿ" ಅಂದಳು ಸಿರಿ.

ಜಿರ್ರ್ರ್...

"ಜೀರುಂಡೆ."

ಉಸ್ಸ್ಸ್... ಯಾರೋ ದೊಡ್ಡದಾಗಿ ಉಸಿರು ಬಿಟ್ಟರು! ಸಿರಿ ಅಜ್ಜಿ ಸೀರೆ ಹಿಡ್ಕೊಂಡಳು. ಹಿಡ್ಕೊಂಡೇ ಇನ್ನೊಂದು ಸಲ ಕಿವಿಕೊಟ್ಟಳು. ಉಸ್ಸ್, ಕಟಕಟ ಗಂಟೆ, ಚಪ್ ಚಪ್ ಚಪ್. "ಗೌರಿ! ಮೆಲುಕು ಹಾಕ್ತಿದ್ದಾಳೆ!"

(ಕಣ್ಣು ಮುಚ್ಚಿ ನಮ್ಮ ರೂಮಿನ ಸದ್ದು ಕೇಳಿ. ಒಂದೊಂದು ಸದ್ದು ಯಾರದ್ದು ಅಂತ ಮಗು ಹೇಳಲಿ. ಗೊತ್ತಾಗದಿದ್ದರೆ ಇಬ್ಬರೂ ಎದ್ದು ಹೋಗಿ ನೋಡಿ ಬನ್ನಿ.)

ಮೂರನೇ ರಾತ್ರಿ ಸಿರಿಯೇ ಹೇಳಿದಳು, "ಅಜ್ಜಿ, ನಾನು ಮುಂದೆ ಹೋಗ್ತೀನಿ. ನೀನು ಇಲ್ಲೇ ನಿಂತು ಮಾತಾಡ್ತಾ ಇರು."

ಒಂದು ಹೆಜ್ಜೆ. ನೆಲ ತಣ್ಣಗಿತ್ತು. ಎರಡು ಹೆಜ್ಜೆ. ವಾಪಸ್ ಓಡಿಬಿಡೋಣ ಅನ್ನಿಸಿತು. ಓಡಲಿಲ್ಲ, ಅಲ್ಲೇ ನಿಂತು ಹತ್ತು ಎಣಿಸಿದಳು, ಎದೆ ಮೆತ್ತಗಾಗೋ ತನಕ. ಆಮೇಲೆ ಇನ್ನೊಂದು ಹೆಜ್ಜೆ ಇಟ್ಟು ಮೆಲ್ಲಗೆ ಕೈ ಚಾಚಿ ಗುಮ್ಮನನ್ನು ಮುಟ್ಟಿದಳು.

ಒರಟು ಒರಟು. ಚುಚ್ಚುತ್ತೆ. ಮೂಸಿದರೆ ಒಲೆ ಹೊಗೆ ವಾಸನೆ!

"ಅಜ್ಜೀ, ಇದು ಅಜ್ಜನ ಕಂಬಳಿ ಕೊಪ್ಪೆ!"

ಹೌದು, ಮಳೆ ಬಂದಾಗ ತೋಟಕ್ಕೆ ಹೋಗೋಕೆ ಅಜ್ಜ ತಲೆ ಮೇಲಿಂದ ಹೊದ್ದುಕೊಳ್ಳೋ ಕೊಪ್ಪೆ. ಗೂಟಕ್ಕೆ ನೇತುಹಾಕಿದ್ದರು, ಅಷ್ಟೇ. ಸಿರಿ ಬಚ್ಚಲಿಗೆ ಹೋಗಿ ಬಂದಳು. ಬರುವಾಗ ಲೈಟನ್ನು ತಾನೇ ಆರಿಸಿದಳು, ಕೊಪ್ಪೆಗೆ ಒಂದು ಟಾಟಾ ಹೇಳಿ ನಡೆದುಕೊಂಡೇ ವಾಪಸ್ ಬಂದಳು. ಕಿಟಕಿಯಾಚೆ ತೋಟದ ತುಂಬ ಮಿಂಚುಹುಳ ಮಿಣಮಿಣ ಅಂತಿದ್ದವು. ಇಷ್ಟು ದಿನ ಓಡುವ ಗಡಿಬಿಡಿಯಲ್ಲಿ ಅವನ್ನು ಅವಳು ನೋಡಿಯೇ ಇರಲಿಲ್ಲ.

(ಮಗು ಸರಿ ಅಂದರೆ ಸಣ್ಣ ದೀಪವನ್ನೂ ಆರಿಸಿ, ಬಾಗಿಲು ಅರ್ಧ ತೆಗೆದಿರಲಿ. ಕೈ ಹಿಡಿದುಕೊಂಡು ಮುಂದಿನದನ್ನು ಹೇಳಿ.)

ಈಗ ನಮ್ಮ ಸರದಿ ಪುಟ್ಟಾ. ನಾನಿಲ್ಲೇ ಇದ್ದೀನಿ. ಆ ಮೂಲೆ ನೋಡು, ಸ್ವಲ್ಪ ಹೊತ್ತು ನೋಡ್ತಾನೇ ಇರು. ಮೊದಲು ಏನು ಕಾಣಿಸ್ತು? ನಿನ್ನ ಸ್ಕೂಲ್ ಬ್ಯಾಗಾ, ಕುರ್ಚಿಯಾ? ನೀನೊಂದು ಹೇಳು, ಆಮೇಲೆ ನಾನೊಂದು ಹೇಳ್ತೀನಿ.